ಓಡುವ ಶೂ ಮುಂದೆ ಒಂದು ಹೆಬ್ಬೆರಳು ಜಾಗ: ಯಾಕೆ, ಎಷ್ಟು, ಅಳೆಯುವುದು ಹೇಗೆ?

ಶೂ ಅಂಗಡಿಯಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ನಾವು ಸ್ಟೂಲಿನ ಮೇಲೆ ಕೂತಿರುತ್ತೇವೆ. ಅಂಗಡಿಯವರು ಶೂ ತೊಡಿಸಿ, ಮುಂದಿನ ತುದಿಯನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ, "ಕರೆಕ್ಟ್ ಐತಿ ನೋಡ್ರಿ, ಎರಡ್ ದಿನ ಹಾಕ್ಕೊಂಡು ಅಡ್ಡಾಡಿದ್ರ ಸಡ್ಲ ಆಕ್ಕಾವು" ಎನ್ನುತ್ತಾರೆ. ಕಾಲೇಜಿಗೆ ಹಾಕಿಕೊಂಡು ಬರುವ ಶೂಗೆ ಇಷ್ಟು ಪರೀಕ್ಷೆ ಸಾಕು. ಬೆಳಿಗ್ಗೆ ಎದ್ದು ಹತ್ತು ಹದಿನೈದು ಕಿಲೋಮೀಟರ್ ಓಡುವವರಿಗೆ ಸಾಲದು. ಅಷ್ಟು ದೂರದಲ್ಲಿ ಪಾದ ತನ್ನ ಅಳತೆಯನ್ನೇ ಬದಲಾಯಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸರಿಯಾಗಿದ್ದ ಶೂ ಹತ್ತನೇ ಕಿಲೋಮೀಟರಿನಲ್ಲಿ ಗಿಡ್ಡ ಆಗಿರುತ್ತದೆ.

ಇದಕ್ಕೆ ಓಟಗಾರರು ಹೇಳುವ ನಿಯಮ ಒಂದೇ ಸಾಲಿನದು: ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಇಲ್ಲಿ ಹೆಬ್ಬೆರಳು ಅಂದರೆ ಕೈಯದು, ಕಾಲಿನದಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ನಮ್ಮ ಮನೆಯಲ್ಲೂ ಎರಡಕ್ಕೂ 'ಅಂಗೂಠಾ' ಅಂತಲೇ ಅನ್ನುತ್ತೇವೆ. ಅದಕ್ಕೇ ಮೊದಲೇ ಬಿಡಿಸಿ ಹೇಳಿದೆ. ನಿಯಮ ಸುಲಭ. ಆದರೆ ಯಾರ ಹೆಬ್ಬೆರಳು, ಯಾವ ಹೊತ್ತಿನ ಪಾದ, ಕೂತಾಗಲೋ ನಿಂತಾಗಲೋ ಎನ್ನುವುದು ಅದರಲ್ಲಿ ಇಲ್ಲ. ಆ ಉಳಿದ ಭಾಗವನ್ನು ಇಲ್ಲಿ ಬರೆಯುತ್ತೇನೆ.

ಜಾಗ ಬೇಕಾಗುವುದು ಯಾಕೆ

ಕಾಲು ಊದಿಕೊಳ್ಳುತ್ತದೆ, ಅದಕ್ಕೆ ಜಾಗ ಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ. ಕಾರಣಗಳು ಮೂರಿವೆ. ಮೂರನ್ನೂ ಬೇರೆ ಬೇರೆ ತಿಳಿದರೆ ಯಾವ ತೊಂದರೆಗೆ ಏನು ಮಾಡಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲನೆಯದು ಊತ. ಓಡುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಮೈ ಬಿಸಿಯಾದಾಗ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ. ಪಾದ ದೇಹದ ಅತ್ಯಂತ ಕೆಳಗಿನ ಭಾಗವಾದ್ದರಿಂದ ರಕ್ತದಿಂದ ಹೊರಬಂದ ಸ್ವಲ್ಪ ನೀರಿನಂಶ ಅಲ್ಲೇ ಉಳಿಯುತ್ತದೆ. ನಮ್ಮ ಹಡಗಲಿ, ಹರಪನಹಳ್ಳಿ ಕಡೆ ಮಾರ್ಚ್ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಎಂಟಕ್ಕೇ ಡಾಂಬರು ಕಾಯಲು ಶುರುವಾಗುತ್ತದೆ, ಆಗ ಊತವೂ ಹೆಚ್ಚು. ಆದರೆ ಈ ಊತದಿಂದ ಪಾದದ ಉದ್ದ ಹೆಚ್ಚುವುದು ಕಡಿಮೆ. ಮುಖ್ಯವಾಗಿ ಹೆಚ್ಚುವುದು ಅದರ ಸುತ್ತಳತೆ ಮತ್ತು ದಪ್ಪ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಪಾದ ಚಪ್ಪಟೆಯಾಗುವುದು. ಪಾದದ ಕೆಳಗೆ ಒಳಮಗ್ಗುಲಲ್ಲಿ ಒಂದು ಕಮಾನು ಇದೆ. ಕೂತಾಗ ಅದು ಮೇಲೆದ್ದಿರುತ್ತದೆ. ನಿಂತಾಗ ಮೈ ಭಾರ ಬಿದ್ದು ಕಮಾನು ಸ್ವಲ್ಪ ಕೆಳಗಿಳಿಯುತ್ತದೆ, ಪಾದ ಅಷ್ಟು ಮುಂದಕ್ಕೆ ಚಾಚಿಕೊಳ್ಳುತ್ತದೆ. ಓಡುವಾಗ ಪ್ರತಿ ಹೆಜ್ಜೆಗೆ ಒಂದು ಕಾಲಿನ ಮೇಲೆ ಬೀಳುವ ಭಾರ ನಮ್ಮ ತೂಕದ ಎರಡು ಮೂರು ಪಟ್ಟು. ಆಗ ಪಾದ ಇನ್ನಷ್ಟು ಚಾಚುತ್ತದೆ. ಹದಿನೈದು ಕಿಲೋಮೀಟರ್ ಓಡಿ ಸ್ನಾಯು ದಣಿದ ಮೇಲೆ ಕಮಾನು ಮೊದಲಿನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಮೂರನೆಯದು ಜಾರುವುದು. ಹೆಜ್ಜೆ ಊರಿದ ಕ್ಷಣ ಶೂ ನೆಲಕ್ಕೆ ಕಚ್ಚಿ ನಿಲ್ಲುತ್ತದೆ, ಒಳಗಿನ ಪಾದ ಮಾತ್ರ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುವ ಹಾಗೆ. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಒಂದು ಕಿಲೋಮೀಟರಿಗೆ ಸಾವಿರದ ಆಸುಪಾಸು ಹೆಜ್ಜೆ ಬೀಳುತ್ತವೆ, ಅಂದರೆ ಒಂದೊಂದು ಕಾಲಿಗೆ ಐದುನೂರು. ಬೆರಳಿನ ತುದಿ ಪ್ರತಿ ಸಲ ಒಂದು ಚೂರೇ ಮುಟ್ಟಿದರೂ ಹತ್ತು ಕಿಲೋಮೀಟರಿನಲ್ಲಿ ಅದೇ ಉಗುರಿಗೆ ಐದು ಸಾವಿರ ಸಣ್ಣ ಪೆಟ್ಟು. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗುವುದು ಹೀಗೆ. ಎಲ್ಲೂ ಎಡವದೆ, ಕಲ್ಲು ತಾಗದೆ ಉಗುರು ಕಪ್ಪಾಯಿತು ಎಂದು ಓಟಗಾರರು ಹೇಳುವುದು ಇದಕ್ಕೇ.

ಯಾರ ಹೆಬ್ಬೆರಳು?

ಹೆಬ್ಬೆರಳಿನ ಅಗಲ ಎನ್ನುವುದು ಬೀಸು ಅಳತೆ. ನನ್ನ ಹೆಬ್ಬೆರಳು ಉಗುರಿನ ಹತ್ತಿರ 1.3 ಸೆಂಟಿಮೀಟರ್ ಇದೆ, ಗೆಣ್ಣಿನ ಹತ್ತಿರ ಸುಮಾರು ಎರಡು. ಕೆಲಸ ಮಾಡಿ ಗಟ್ಟಿಯಾದ ಕೈಯವರದ್ದು ಇನ್ನೂ ದಪ್ಪ. ಅಂಗಡಿಯವರ ಹೆಬ್ಬೆರಳು ದೊಡ್ಡದಿದ್ದರೆ 'ಜಾಗ ಕಮ್ಮಿ' ಅನ್ನುತ್ತಾರೆ, ಸಣ್ಣದಿದ್ದರೆ 'ಸರಿ ಐತಿ' ಅನ್ನುತ್ತಾರೆ. ನಿಯಮದ ಅರ್ಥ ಉಗುರಿನ ಹತ್ತಿರದ ಅಗಲ ಎಂದು ಇಟ್ಟುಕೊಳ್ಳಬೇಕು, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ನಡುವೆ. ಜಾಮಿಟ್ರಿ ಬಾಕ್ಸಿನ ಸ್ಕೇಲು ಎಲ್ಲರ ಹತ್ತಿರ ಇರುವುದರಿಂದ ಸ್ಕೇಲಿನಲ್ಲೇ ಅಳೆದುಬಿಡುವುದು ಒಳ್ಳೆಯದು. ಸರಾಸರಿಗೆ 1.2 ಸೆಂಟಿಮೀಟರ್ ಎಂದು ಹಿಡಿಯಬಹುದು.

ಇನ್ನೊಂದು ಮಾತು. ಜಾಗ ಬಿಡಬೇಕಾದದ್ದು ಅತಿ ಉದ್ದದ ಬೆರಳಿನ ಮುಂದೆ. ಎಲ್ಲರಿಗೂ ಕಾಲಿನ ಹೆಬ್ಬೆರಳೇ ಉದ್ದ ಇರುವುದಿಲ್ಲ. ಬಹಳ ಜನರಿಗೆ ಪಕ್ಕದ ಎರಡನೇ ಬೆರಳು ಮುಂದೆ ಬಂದಿರುತ್ತದೆ. ಹಾಗೆಯೇ ಎರಡು ಪಾದಗಳೂ ಸರಿಸಮ ಇರುವುದು ಅಪರೂಪ. ದೊಡ್ಡ ಪಾದದ ಉದ್ದನೆಯ ಬೆರಳಿಗೆ ಅಳತೆ ಮಾಡಬೇಕು. ಸಣ್ಣ ಪಾದದ ಕಡೆ ಸ್ವಲ್ಪ ಸಡಿಲಾದರೆ ಲೇಸಿನಲ್ಲಿ ಬಿಗಿ ಮಾಡಬಹುದು. ಗಿಡ್ಡ ಶೂವನ್ನು ಯಾವ ಲೇಸೂ ಉದ್ದ ಮಾಡುವುದಿಲ್ಲ.

ಮನೆಯಲ್ಲಿ ಅಳೆಯುವ ಕ್ರಮ

ಒಂದು ಬಿಳಿ ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಡಿ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ಹಾಳೆಯ ಮೇಲೆ ನಿಲ್ಲಿ. ಎರಡೂ ಕಾಲಿನ ಮೇಲೆ ಸಮ ಭಾರ ಇರಲಿ, ಕೆಳಗೆ ಬಗ್ಗಬೇಡಿ. ಬಗ್ಗಿದರೆ ಹಿಮ್ಮಡಿ ಗೋಡೆಯಿಂದ ಸರಿಯುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. ಮನೆಯ ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಅತಿ ಉದ್ದದ ಬೆರಳಿನ ಮುಂದೆ ಗುರುತು ಹಾಕಲಿ. ಪೆನ್ಸಿಲ್ ಓರೆಯಾದರೆ ಬೆರಳಿನ ಕೆಳಗೆ ಹೋಗಿ ಮೂರು ನಾಲ್ಕು ಮಿಲಿಮೀಟರ್ ಕಡಿಮೆ ತೋರಿಸುತ್ತದೆ. ಗೋಡೆಯಿಂದ ಗುರುತಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಪಾದಕ್ಕೆ ಹೀಗೆ ಮಾಡಿ ದೊಡ್ಡದನ್ನು ಬರೆದಿಟ್ಟುಕೊಳ್ಳಿ.

ಅಳೆಯುವ ಹೊತ್ತು ಸಂಜೆ. ದಿನವಿಡೀ ನಿಂತು ನಡೆದ ಮೇಲೆ ಪಾದ ಬೆಳಗಿಗಿಂತ ಸ್ವಲ್ಪ ದೊಡ್ಡದಾಗಿರುತ್ತದೆ. ಓಡಿದ ಮೇಲಿನ ಪಾದಕ್ಕೆ ಹತ್ತಿರವಾದ ಅಳತೆ ಅದೇ. ಅಂಗಡಿಗೂ ಸಂಜೆಯೇ ಹೋಗಬೇಕು.

ಒಂದು ಲೆಕ್ಕ ಬಿಡಿಸಿ ನೋಡೋಣ

ನಮ್ಮ ಖಾಲಾನ ಮಗ ಅರ್ಧ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್ ಓಟಕ್ಕೆ ತಯಾರಿ ಮಾಡುತ್ತಿದ್ದಾರೆ. ನಾನು ಅವರನ್ನು ಭಾಯ್ ಅನ್ನುತ್ತೇನೆ. ಅವರ ಬಲ ಪಾದ ದೊಡ್ಡದು. ಒಂದು ಭಾನುವಾರ ಅದನ್ನು ನಾಲ್ಕು ಸಲ ಅಳೆದೆವು. ಕಾಮರ್ಸ್ ಓದುವ ನನಗೆ ಪುಸ್ತಕದಲ್ಲಿ ಎಂಟ್ರಿ ಹಾಕುವುದು ರೂಢಿ, ಆದ್ದರಿಂದ ಪೆನ್ಸಿಲ್ ಮತ್ತು ನೋಟ್‌ಬುಕ್ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಎದ್ದ ಕೂಡಲೇ, ಕುರ್ಚಿಯಲ್ಲಿ ಕೂತಾಗ 25.2 ಸೆಂಟಿಮೀಟರ್. ಅಲ್ಲೇ ಎದ್ದು ನಿಂತಾಗ 25.6. ಹದಿನಾಲ್ಕು ಕಿಲೋಮೀಟರ್ ಓಡಿ ಬಂದು ನಿಂತಾಗ 25.9. ಅದೇ ದಿನ ಸಂಜೆ ನಿಂತಾಗ 25.7. ಬೆರಳುಗಳ ಬುಡದಲ್ಲಿ, ಪಾದ ಎಲ್ಲಕ್ಕಿಂತ ಅಗಲವಾಗಿರುವ ಕಡೆ, ಟೈಲರ್ ಟೇಪಿನಿಂದ ಸುತ್ತಳತೆಯನ್ನೂ ತೆಗೆದೆವು. ಓಡುವ ಮುಂಚೆ 24.6 ಇದ್ದದ್ದು ಓಡಿ ಬಂದ ಮೇಲೆ 25.2 ಆಗಿತ್ತು.

ಈ ಅಂಕಿಗಳನ್ನು ಸ್ವಲ್ಪ ನೋಡಿ. ಕೂತಾಗಿನಿಂದ ನಿಂತಾಗಿಗೆ 4 ಮಿಲಿಮೀಟರ್ ಹೆಚ್ಚಾಯಿತು, ಓಟದಿಂದ ಉದ್ದದಲ್ಲಿ ಹೆಚ್ಚಾದದ್ದು 3 ಮಾತ್ರ. ಸುತ್ತಳತೆ ಅದರ ಎರಡು ಪಟ್ಟು, 6 ಮಿಲಿಮೀಟರ್ ಹೆಚ್ಚಾಯಿತು. ಕೂತು ಶೂ ಪರೀಕ್ಷೆ ಮಾಡುವವರು ಓಡಿದ ಮೇಲಿನ ಪಾದಕ್ಕಿಂತ 7 ಮಿಲಿಮೀಟರ್ ಸಣ್ಣ ಪಾದಕ್ಕೆ ಶೂ ಕೊಳ್ಳುತ್ತಿದ್ದಾರೆ ಎಂದಾಯಿತು. ಪ್ರತಿಯೊಬ್ಬರ ಪಾದದಲ್ಲೂ ಇದೇ ಅಂಕಿ ಬರುವುದಿಲ್ಲ. ಕಮಾನು ಮೆತ್ತಗಿರುವವರಿಗೆ ನಿಂತಾಗ ಹೆಚ್ಚು ಚಾಚುತ್ತದೆ, ಬಿಗಿಯಾಗಿರುವವರಿಗೆ ಕಡಿಮೆ. ನಿಮ್ಮ ಪಾದವನ್ನು ನೀವೇ ಅಳೆಯಬೇಕು.

ಈಗ ಶೂ ಕಡೆ ಬರೋಣ. ಸಂಜೆ ನಿಂತ ಪಾದ 25.7, ಅದಕ್ಕೆ 1.2 ಕೂಡಿಸಿದರೆ 26.9. ಶೂ ಒಳಗೆ ಇಷ್ಟು ಉದ್ದ ಬೇಕು. ಭಾಯ್ ಅಂಗಡಿಯಲ್ಲಿ ಯಾವಾಗಲೂ ಕೇಳುವುದು 8 ನಂಬರ್. ಆ ಶೂವಿನ ಒಳಗೆ ಹಾಸಿರುವ ಮೆತ್ತೆಯನ್ನು, ಅಂದರೆ ಇನ್‌ಸೋಲ್ ಅನ್ನು, ಹೊರಗೆ ತೆಗೆದು ಅಳೆದರೆ 26.4 ಇತ್ತು. ಉಳಿಯುವ ಜಾಗ 0.7 ಸೆಂಟಿಮೀಟರ್. ಓಡಿದ ಮೇಲೆ ಪಾದ 25.9 ಆಗುವುದರಿಂದ ಉಳಿಯುವುದು 0.5 ಮಾತ್ರ. ಹೆಜ್ಜೆ ಊರಿದಾಗ ಚಾಚುವುದು ಮತ್ತು ಜಾರುವುದು ಎರಡಕ್ಕೂ ಈ ಅರ್ಧ ಸೆಂಟಿಮೀಟರಿನಲ್ಲೇ ಜಾಗ ಆಗಬೇಕು. ಆಗುವುದಿಲ್ಲ.

ನಂಬರ್ ಒಂದು ಹೆಚ್ಚಿಸಿದರೆ ಎಷ್ಟು ಉದ್ದ ಸಿಗುತ್ತದೆ? ನಮ್ಮಲ್ಲಿ ಚಾಲ್ತಿಯಲ್ಲಿರುವುದು ಇಂಗ್ಲೆಂಡಿನ ನಂಬರ್, ಡಬ್ಬಿಯ ಮೇಲೆ ಯುಕೆ ಎಂದು ಇರುತ್ತದೆ. ಅದರಲ್ಲಿ ಒಂದು ನಂಬರ್ ಎಂದರೆ ಒಂದು ಇಂಚಿನ ಮೂರನೇ ಒಂದು ಭಾಗ. ಹಿಂದೆ ಇದನ್ನು ಒಂದು ಬಾರ್ಲಿ ಕಾಳಿನ ಉದ್ದ ಎಂದು ಎಣಿಸುತ್ತಿದ್ದರು. ಸೆಂಟಿಮೀಟರಿನಲ್ಲಿ ಅದು ಸುಮಾರು 0.85. ಅರ್ಧ ನಂಬರ್ ಎಂದರೆ 0.42. ಹಾಗಾದರೆ ಅದೇ ಮಾಡೆಲಿನ ಎಂಟೂವರೆಯಲ್ಲಿ ಒಳ ಉದ್ದ ಸುಮಾರು 26.8, ಒಂಬತ್ತರಲ್ಲಿ ಸುಮಾರು 27.2. ಬೇಕಾದದ್ದು 26.9. ಎಂಟೂವರೆ ಸಿಕ್ಕರೆ ಅದು ತೀರಾ ಹತ್ತಿರ, ಸಂಜೆ ಪಾದದ ಮುಂದೆ 1.1 ಜಾಗ ಸಿಗುತ್ತದೆ. ಒಂಬತ್ತರಲ್ಲಿ 1.5 ಸಿಗುತ್ತದೆ, ಅದು ಮೇಲಿನ ಗಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ಅರ್ಧ ನಂಬರ್ ಸಿಗುವುದು ಕಷ್ಟ. ಅರ್ಧ ಸಿಗದಿದ್ದರೆ 21 ಕಿಲೋಮೀಟರ್ ಓಡುವವರಿಗೆ ಒಂಬತ್ತೇ ಸರಿ, ಆದರೆ ಹಿಮ್ಮಡಿ ಮೇಲೇಳದೆ ನಿಲ್ಲುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳಬೇಕು.

ನಂಬರ್ ನಂಬಬೇಡಿ, ಇನ್‌ಸೋಲ್ ನಂಬಿ

ಶೂ ನಂಬರ್ ನಿಮ್ಮ ಪಾದದ ಅಳತೆಯಲ್ಲ. ಶೂವನ್ನು ಹೊಲಿಯುವಾಗ ಒಳಗಿಡುವ ಪಾದದ ಆಕಾರದ ಅಚ್ಚು ಒಂದಿರುತ್ತದೆ, ನಂಬರ್ ಹುಟ್ಟಿದ್ದು ಆ ಅಚ್ಚಿನ ಉದ್ದದಿಂದ. ಅಚ್ಚಿನಲ್ಲಿ ಪಾದಕ್ಕಿಂತ ಎಷ್ಟು ಹೆಚ್ಚು ಉದ್ದ ಬಿಡಬೇಕು ಎನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಅಡಿಡಾಸ್ ಪಟ್ಟಿಯಲ್ಲಿ ಗಂಡಸರ ಯುಕೆ 8ರ ಎದುರಿಗೆ 26.5 ಸೆಂಟಿಮೀಟರ್ ಇದೆ, ನೈಕಿ ಪಟ್ಟಿಯಲ್ಲಿ ಅದೇ 8ರ ಎದುರಿಗೆ 27. ಎರಡೂ ತಪ್ಪಲ್ಲ, ಎರಡೂ ಒಂದೇ ಅಲ್ಲ ಅಷ್ಟೆ. ಆದ್ದರಿಂದ 'ನಂದು ಎಂಟು' ಎನ್ನುವ ಮಾತಿಗೆ ಒಂದು ಕಂಪನಿಯ ಒಂದು ಮಾಡೆಲಿನಲ್ಲಿ ಮಾತ್ರ ಅರ್ಥ ಇದೆ.

ಇದಕ್ಕಿರುವ ಸುಲಭ ದಾರಿ ಇನ್‌ಸೋಲ್ ತೆಗೆದು ನೋಡುವುದು. ಓಡುವ ಶೂಗಳಲ್ಲಿ ಹೆಚ್ಚಿನವುಗಳ ಇನ್‌ಸೋಲ್ ಹೊರಗೆ ಬರುತ್ತದೆ. ಅದನ್ನು ನೆಲದ ಮೇಲೆ ಹಾಸಿ, ಹಿಮ್ಮಡಿಯನ್ನು ಹಿಂದಿನ ಬಟ್ಟಲಿನಲ್ಲಿ ಸರಿಯಾಗಿ ಕೂರಿಸಿ, ನೆಟ್ಟಗೆ ನಿಲ್ಲಿ. ಮುಂದೆ ಎಷ್ಟು ಜಾಗ ಇದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಇದರಿಂದ ಇನ್ನೊಂದು ಲಾಭ ಇದೆ. ಕೆಲವು ಶೂಗಳ ಮೂತಿಗೆ ಗಟ್ಟಿ ರಬ್ಬರ್ ಅಥವಾ ಪ್ಲಾಸ್ಟಿಕ್ ಪದರ ಇರುತ್ತದೆ. ಹೊರಗಿನಿಂದ ಒತ್ತಿದರೆ ಕೈಗೆ ಸಿಗುವುದು ಆ ಪದರ, ನಿಮ್ಮ ಬೆರಳಲ್ಲ. ಒತ್ತಿ ನೋಡುವ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ. ಇನ್‌ಸೋಲ್ ಪರೀಕ್ಷೆ ನಡೆಯುತ್ತದೆ. ಪರೀಕ್ಷೆ ಮಾಡುವ ಮುಂಚೆ ಹೊಸ ಶೂವಿನ ಮೂತಿಯಲ್ಲಿ ತುರುಕಿರುವ ಕಾಗದ ತೆಗೆದಿದ್ದೀರಾ ಎಂದೂ ನೋಡಿಕೊಳ್ಳಿ.

ಅಗಲದ ಸಮಸ್ಯೆಯನ್ನು ಉದ್ದದಲ್ಲಿ ತೀರಿಸಬೇಡಿ

ಮೇಲೆ ನೆನಪಿಟ್ಟುಕೊಳ್ಳಿ ಎಂದ ಮಾತು ಈಗ ಬಂತು. ಊತ ಬರುವುದು ಹೆಚ್ಚಾಗಿ ಸುತ್ತಳತೆಯಲ್ಲಿ. ಹಾಗಾಗಿ ಉದ್ದ ಸರಿಯಿದ್ದು ಅಗಲ ಕಡಿಮೆ ಇರುವ ಶೂ ಕೂಡ ಓಟದ ಕೊನೆಯಲ್ಲಿ ಕಚ್ಚುತ್ತದೆ. ಆಗ ನಾವು ಮಾಡುವ ಕೆಲಸ ಒಂದು ನಂಬರ್ ಹೆಚ್ಚಿಸುವುದು. ನಂಬರ್ ಹೆಚ್ಚಿದಾಗ ಅಗಲವೂ ಸ್ವಲ್ಪ ಹೆಚ್ಚುತ್ತದೆ, ನಿಜ, ಆದರೆ ಅದರ ಜೊತೆ ಬೇಡದ ಉದ್ದವೂ ಬರುತ್ತದೆ.

ಇದು ಒಬ್ಬಿಬ್ಬರ ಸಮಸ್ಯೆ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ಭಾರತಕ್ಕೇ ಒಂದು ಶೂ ಅಳತೆ ಪದ್ಧತಿ ಬೇಕೆಂದು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನರ್ ಯಂತ್ರದಲ್ಲಿ ಅಳೆದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಅದರಲ್ಲಿ ಕಂಡುಬಂತು. ಕಿರಿದಾದ ಅಚ್ಚಿನ ಶೂ ಸಿಗುವುದರಿಂದ ಜನ ಅಗಲಕ್ಕೋಸ್ಕರ ಬೇಕಾದ್ದಕ್ಕಿಂತ ಉದ್ದದ ಶೂ ಹಾಕುತ್ತಿದ್ದಾರೆ ಎಂದೂ ಗೊತ್ತಾಯಿತು. ಇದರ ಆಧಾರದ ಮೇಲೆ ಮಾಡಿದ ಹೊಸ ಅಳತೆ ಪದ್ಧತಿಗೆ ಭಾರತದ ಮೊದಲ ಅಕ್ಷರ ಹಿಡಿದು 'ಭಾ' ಎಂದು ಹೆಸರಿಟ್ಟಿದ್ದಾರೆ.

ಬೇಡದ ಉದ್ದ ಇದ್ದರೆ ಏನಾಗುತ್ತದೆ? ಹೆಜ್ಜೆ ಎತ್ತಿದಾಗ ಶೂ ಮಡಚಬೇಕಾದದ್ದು ಬೆರಳುಗಳ ಬುಡದಲ್ಲಿ. ಶೂ ಬಹಳ ಉದ್ದವಾದರೆ ಅದು ಮಡಚುವ ಜಾಗ ಬೆರಳುಗಳ ಮಧ್ಯಕ್ಕೆ ಬರುತ್ತದೆ. ಹಿಮ್ಮಡಿ ಪ್ರತಿ ಹೆಜ್ಜೆಗೆ ಮೇಲೆದ್ದು ಉಜ್ಜಿ ಗುಳ್ಳೆ ಬರುತ್ತದೆ. ಪಾದ ಒಳಗೆ ಹಿಂದೆ ಮುಂದೆ ಓಡಾಡಿ ಕೊನೆಗೆ ಬೆರಳು ಮೂತಿಗೆ ಹೋಗಿ ಬಡಿಯುತ್ತದೆ. ಉಗುರು ಕಪ್ಪಾಗುವುದು ಗಿಡ್ಡ ಶೂನಿಂದ ಮಾತ್ರ ಅಲ್ಲ, ಸಡಿಲ ಶೂನಿಂದಲೂ ಆಗುತ್ತದೆ ಎನ್ನುವುದು ಇದಕ್ಕೆ.

ಅಗಲ ಸಾಲುತ್ತದೆಯೇ ಎಂದು ತಿಳಿಯಲೂ ಇನ್‌ಸೋಲೇ ಸಾಕು. ಅದರ ಮೇಲೆ ನಿಂತಾಗ ಕಿರುಬೆರಳಿನ ಕಡೆ ಪಾದ ಅಂಚು ದಾಟಿ ಹೊರಗೆ ಹೋಗಿದ್ದರೆ ಅಗಲ ಕಡಿಮೆ. ಶೂ ತೊಟ್ಟು ಲೇಸು ಕಟ್ಟಿದ ಮೇಲೆ ಮೇಲಿನ ಬಟ್ಟೆ ಕಿರುಬೆರಳಿನ ಹತ್ತಿರ ಉಬ್ಬಿ ಬಿಗಿದುಕೊಂಡಿದ್ದರೂ ಅದೇ ಅರ್ಥ. ಅಂಥ ಪಾದದವರು ನಂಬರ್ ಹೆಚ್ಚಿಸುವ ಮುಂಚೆ ಅದೇ ನಂಬರಿನ ಅಗಲ ಮಾದರಿ ಇದೆಯಾ ಎಂದು ಕೇಳಬೇಕು. ಕೆಲವು ಕಂಪನಿಗಳ ಡಬ್ಬಿಯ ಮೇಲೆ ವೈಡ್ ಅಥವಾ 2ಇ ಎಂದು ಇರುತ್ತದೆ. ಅದೂ ಇಲ್ಲದಿದ್ದರೆ ಮೂತಿ ಚೂಪಾಗಿರದೆ ದುಂಡಗಿರುವ ಬೇರೆ ಮಾಡೆಲ್ ನೋಡಬೇಕು.

'ಹಾಕ್ಕೊಂಡ್ರ ಸಡ್ಲ ಆಕ್ಕಾವು' ಎನ್ನುವ ಮಾತು ಇಲ್ಲಿ ಅರ್ಧ ನಿಜ. ಮೇಲಿನ ಬಟ್ಟೆ ಅಗಲದಲ್ಲಿ ಸ್ವಲ್ಪ ಹಿಗ್ಗಬಹುದು. ಕೆಳಗಿನ ಸೋಲ್ ಉದ್ದದಲ್ಲಿ ಹಿಗ್ಗುವುದೇ ಇಲ್ಲ. ಮುಂದೆ ಜಾಗ ಇಲ್ಲದ ಶೂ ಆರು ತಿಂಗಳಾದರೂ ಹಾಗೇ ಇರುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಇನ್‌ಸೋಲ್ ನೋಡಿ ನಂಬರ್ ಆರಿಸಿದ ಮೇಲೆ ಎರಡೂ ಶೂ ತೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸು ಕಟ್ಟಿ. ಎದ್ದು ನಿಂತು ಬೇರೆಯವರಿಂದ ಮೂತಿ ಒತ್ತಿಸಿ. ಬೆರಳುಗಳನ್ನು ಒಳಗೆ ಮೇಲೆ ಕೆಳಗೆ ಆಡಿಸಿ ನೋಡಿ, ಆಡಬೇಕು. ಹಿಮ್ಮಡಿ ಮತ್ತು ಪಾದದ ನಡುಭಾಗ ಮಾತ್ರ ಹಿತವಾಗಿ ಹಿಡಿದಿರಬೇಕು. ಅಂಗಡಿ ಮುಂದೆ ಇಳಿಜಾರೋ ಮೆಟ್ಟಿಲೋ ಇದ್ದರೆ ಬೆರಳು ಕೆಳಮುಖವಾಗಿ ನಿಂತು ನೋಡಿ. ಆಗಲೂ ಬೆರಳು ಮೂತಿಗೆ ತಾಗದಿದ್ದರೆ ಉದ್ದ ಸರಿ. ನಂತರ ಇಪ್ಪತ್ತು ಹೆಜ್ಜೆ ಮೆಲ್ಲಗೆ ಓಡಿ. ಹಿಮ್ಮಡಿ ಎದ್ದು ಬಂದರೆ ಕೂಡಲೇ ನಂಬರ್ ಇಳಿಸಬೇಡಿ, ಮೊದಲು ಲೇಸು ಬದಲಿಸಿ ನೋಡಿ.

ಓಡುವ ಶೂಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಒಂದು ಹೆಚ್ಚಿನ ತೂತು ಇರುತ್ತದೆ. ಅದು ಯಾಕಿದೆ ಎಂದು ಬಹಳ ಜನ ಯೋಚಿಸಿರುವುದಿಲ್ಲ. ಲೇಸಿನ ತುದಿಯನ್ನು ಆಚೆ ಕಡೆಗೆ ದಾಟಿಸದೆ ಅದೇ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಈಗ ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಯಲ್ಲಿ, ಎಡಗಡೆಯದನ್ನು ಬಲಗಡೆಯ ಕುಣಿಕೆಯಲ್ಲಿ ತೂರಿಸಿ, ಕೆಳಕ್ಕೆ ಎಳೆದು ಗಂಟು ಹಾಕಿ. ಕಣಕಾಲಿನ ಹತ್ತಿರ ಹಿಡಿತ ಬಂದು ಹಿಮ್ಮಡಿ ಹಿಂದೆ ನಿಲ್ಲುತ್ತದೆ, ಮುಂದಿನ ಬೆರಳುಗಳ ಕಡೆ ಲೇಸು ಸಡಿಲವಾಗಿಯೇ ಇರಬಹುದು. ಭಾಯ್ ಒಂಬತ್ತು ನಂಬರ್ ಶೂ ತೆಗೆದುಕೊಂಡದ್ದು ಹೀಗೆ ಕಟ್ಟಿ ನೋಡಿದ ಮೇಲೆ. ಹಾಗೆ ಕಟ್ಟಿದರೂ ಹಿಮ್ಮಡಿ ಏಳುತ್ತಿದ್ದರೆ ಆ ಶೂ ನಿಮ್ಮ ಪಾದಕ್ಕೆ ದೊಡ್ಡದೇ.

ಈ ನಿಯಮ ಎಲ್ಲಿಯವರೆಗೆ

ಹೆಬ್ಬೆರಳಿನ ಜಾಗ ದೂರದ ಓಟದ ನಿಯಮ. ನಮ್ಮಲ್ಲಿ ಬಹಳ ಜನ ಓಡುವುದು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ. ಅದರಲ್ಲಿ ಗಂಡಸರಿಗೆ 1600 ಮೀಟರ್, ಆರೂವರೆ ನಿಮಿಷ. ಅಷ್ಟು ಹೊತ್ತಿನಲ್ಲಿ ಪಾದ ಊದುವುದಿಲ್ಲ. ವೇಗದ ಓಟಕ್ಕೆ ಶೂ ಪಾದವನ್ನು ಸ್ವಲ್ಪ ಹತ್ತಿರವಾಗಿ ಹಿಡಿದಿದ್ದರೆ ಒಳ್ಳೆಯದು, ಅರ್ಧ ಹೆಬ್ಬೆರಳು ಜಾಗ ಸಾಕು. ಆದರೆ ಅದೇ ಶೂನಲ್ಲಿ ದಿನಾ ಎಂಟು ಹತ್ತು ಕಿಲೋಮೀಟರ್ ತಾಲೀಮು ಮಾಡುವವರಾದರೆ ತಾಲೀಮಿನ ದೂರಕ್ಕೆ ತಕ್ಕ ಹಾಗೆ ಆರಿಸಬೇಕು. ಶೂ ಹೆಚ್ಚು ಹೊತ್ತು ಕಾಲಲ್ಲಿರುವುದು ಆಗಲೇ.

ಇನ್ನೊಂದು ಗಡಿ ಊತದ್ದು. ಓಟದ ಊತ ಎರಡೂ ಪಾದಗಳಿಗೆ ಬರುತ್ತದೆ, ಒತ್ತಿದರೆ ನೋಯುವುದಿಲ್ಲ, ಕಾಲು ಮೇಲಿಟ್ಟು ಸ್ವಲ್ಪ ಹೊತ್ತು ಮಲಗಿದರೆ ಇಳಿಯುತ್ತದೆ. ಒಂದೇ ಪಾದ ಊದಿದರೆ, ಮರುದಿನ ಬೆಳಿಗ್ಗೆಯೂ ಹಾಗೇ ಇದ್ದರೆ, ಒಂದು ಜಾಗದಲ್ಲಿ ಒತ್ತಿದಾಗ ಚುಚ್ಚುವಂತೆ ನೋವಿದ್ದರೆ ಅದು ಶೂ ನಂಬರಿನ ವಿಷಯವಲ್ಲ. ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಆನ್‌ಲೈನಿನಲ್ಲಿ ತರಿಸುವವರು ಹಾಳೆಯ ಮೇಲಿನ ಅಳತೆಯನ್ನು ಆ ಕಂಪನಿಯ ಸೆಂಟಿಮೀಟರ್ ಪಟ್ಟಿಯ ಜೊತೆ ಹೋಲಿಸಿ. ಆ ಪಟ್ಟಿ ಹೇಳುವುದು ಹೆಚ್ಚಾಗಿ ಪಾದದ ಉದ್ದವನ್ನು, ಶೂ ಒಳಗಿನ ಉದ್ದವನ್ನಲ್ಲ. ಅಂದರೆ ಸ್ವಲ್ಪ ಜಾಗವನ್ನು ಕಂಪನಿ ಆಗಲೇ ಸೇರಿಸಿರುತ್ತದೆ. ಅದರ ಮೇಲೆ ನೀವು ಪುನಃ ಪೂರ್ತಿ 1.2 ಸೇರಿಸಿದರೆ ಎರಡು ಸಲ ಎಣಿಸಿದ ಹಾಗಾಗುತ್ತದೆ, ಶೂ ದೊಡ್ಡದು ಬರುತ್ತದೆ. ಪಟ್ಟಿಯ ಪ್ರಕಾರ ಬರುವ ನಂಬರ್ ಅಥವಾ ಅದಕ್ಕಿಂತ ಅರ್ಧ ಹೆಚ್ಚು ತರಿಸಿ, ಶೂ ಬಂದ ದಿನ ಸಂಜೆ ಮನೆಯೊಳಗೇ ಇನ್‌ಸೋಲ್ ತೆಗೆದು ಅದರ ಮೇಲೆ ನಿಲ್ಲಿ. ಸೋಲಿಗೆ ಮಣ್ಣು ತಾಗುವ ಮುಂಚೆ ಗೊತ್ತಾದರೆ ವಾಪಸ್ ಕಳಿಸಬಹುದು.